ಮಂಡಿಯ ಕೆಳಗಿನ ದಿಂಬು

ಬೆಂಗಳೂರಿನಿಂದ ಬಾಡಿಗೆ ಕಾರು ಹೊನ್ನವಳ್ಳಿಗೆ ಬಂದು ನಿಂತಾಗ ದ್ರಾಕ್ಷಾಯಣಮ್ಮ ಹಿಂದಿನ ಸೀಟಿನ ತುಂಬ ಬಲಗಾಲು ಚಾಚಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಮುಂದಿನ ಸೀಟಿನಲ್ಲಿದ್ದ ಗಿರಿಜಾಂಬಿಕಾ ಮೊದಲು ಇಳಿದು ವಾಕರನ್ನು ಕೆಳಗಿಳಿಸಿದಳು. ನಾಲ್ಕು ಕಾಲಿನ ಆ ಕಬ್ಬಿಣದ ಚೌಕಟ್ಟನ್ನು ನೋಡಲು ಅಕ್ಕಪಕ್ಕದವರೆಲ್ಲ ಸೇರಿದ್ದರು. ಕಾಲಿನ ಕೀಲು ತೆಗೆದು ಉಕ್ಕಿನ ಕೀಲು ಹಾಕುತ್ತಾರೆ ಎಂಬ ಸುದ್ದಿಯನ್ನು ಊರು ಇನ್ನೂ ಪೂರ್ತಿ ನಂಬಿರಲಿಲ್ಲ.

ಇಬ್ಬರೂ ಒಬ್ಬನೇ ಗಂಡನ ಹೆಂಡಿರು. ದ್ರಾಕ್ಷಾಯಣಮ್ಮನಿಗೆ ಮಕ್ಕಳಾಗಲಿಲ್ಲವೆಂದು ಮರುಳಸಿದ್ದಯ್ಯ ಗಿರಿಜಾಂಬಿಕೆಯನ್ನು ತಂದುಕೊಂಡಿದ್ದ. ಅವಳಿಗೆ ಹುಟ್ಟಿದ ಪರಮಶಿವನನ್ನು ಎತ್ತಿ ಆಡಿಸಿ ಬೆಳೆಸಿದವಳು ದ್ರಾಕ್ಷಾಯಣಮ್ಮನೇ. ಹುಡುಗನಿಗೆ ದೊಡ್ಡವ್ವನೆಂದರೆ ಪ್ರಾಣ. ಆದರೆ ಹುಡುಗನ ತಾಯಿಯನ್ನು ದೊಡ್ಡವ್ವ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. "ಏ, ಇವ್ಳೇ" ಅನ್ನುತ್ತಿದ್ದಳು, ಅಷ್ಟೇ. ಗಂಡ ತೀರಿಕೊಂಡ ಮೇಲೂ ಒಂದೇ ಸೂರಿನಡಿ ಇಬ್ಬರೂ ಹಾಗೆಯೇ ಇದ್ದರು. ತೆಂಗಿನ ತೋಟದ ಉಸ್ತುವಾರಿ ದೊಡ್ಡವಳದು, ಒಲೆ ಮತ್ತು ಕೊಟ್ಟಿಗೆ ಚಿಕ್ಕವಳದು.

ಮಂಡಿನೋವು ಬಂದು ದ್ರಾಕ್ಷಾಯಣಮ್ಮನ ಕಾಲುಗಳು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದವು. ಕೊನೆಗೆ ಅಂಗಳಕ್ಕೆ ಕೂಡ ಕೂತುಕೊಂಡೇ ತೆವಳಿ ಹೋಗುವ ಸ್ಥಿತಿ ಬಂತು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತಿದ್ದ ಪರಮಶಿವನಿಗೆ ಇದನ್ನು ನೋಡಲಾಗಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಂಥ ಆಪರೇಷನ್ ಶುರುವಾಗಿದೆ ಎಂದು ಯಾರೋ ಹೇಳಿದ್ದೇ ಕರೆದುಕೊಂಡು ಹೋದ. ಹೆಚ್ಚು ಸವೆದಿದ್ದ ಬಲಗಾಲಿಗೆ ಮೊದಲು ಮಾಡಿದರು. ಆಸ್ಪತ್ರೆಯಲ್ಲಿ ಜೊತೆಗಿರಲು ಗಿರಿಜಾ ಹೋದಳು. ಮಗನ ಹೆಂಡತಿ ಬಸುರಿ; ಬೇರೆ ಯಾರಿದ್ದರು?

ಹೊಲಿಗೆ ಬಿಚ್ಚುವವರೆಗೂ ಆಸ್ಪತ್ರೆಯಲ್ಲೇ ಇದ್ದರು. ಅಲ್ಲಿ ವ್ಯಾಯಾಮ ಮಾಡಿಸಲು ಬರುತ್ತಿದ್ದ ಎಳೆಯ ವಯಸ್ಸಿನ ಫಿಸಿಯೋಥೆರಪಿಯವಳು, ಹೊರಡುವ ದಿನ ಗಿರಿಜಾಳನ್ನು ಕೂರಿಸಿಕೊಂಡು ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಬೇಕು. ದಿಂಬು ಹಿಮ್ಮಡಿಯ ಕೆಳಗೇ ಇರಬೇಕು, ಮಂಡಿಯ ಕೆಳಗೆ ಎಂದೂ ಇಡಬಾರದು, ಇಟ್ಟರೆ ಕಾಲು ಬಾಗಿದ ಹಾಗೇ ಗಟ್ಟಿಯಾಗಿಬಿಡುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಕಾಲು ಗಂಟೆ ಇಟ್ಟು ತೆಗೆಯಬೇಕು, ಬರಿ ಚರ್ಮಕ್ಕೆ ತಾಗಿಸಬಾರದು. ಶಾಖ ಬೇಡ, ಎಣ್ಣೆ ತಿಕ್ಕುವುದು ಬೇಡ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ತೊಡೆ ಬಿಗಿ ಮಾಡಿ ಮಂಡಿಯನ್ನು ಹಾಸಿಗೆಗೆ ಒತ್ತಬೇಕು. ಮಂಚದ ಅಂಚಿಗೆ ಕೂತು ಪಾದವನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸುತ್ತ ಮಂಡಿ ಮಡಿಸಬೇಕು.

"ಮಡಿಸುವಾಗ ಅಳ್ತಾರೆ. ಬೈತಾರೆ. ಆಗ ನೀವು ಕರಗಬಾರದು. ಹಾಗಂತ ಜೋರಾಗಿ ಅಮುಕಲೂ ಬಾರದು. ಈ ಆರು ವಾರದಲ್ಲಿ ಎಷ್ಟು ಬಗ್ಗುತ್ತೋ ಅದರ ಮೇಲೇ ಮುಂದಿನದೆಲ್ಲ. ಒಳಗೆ ಗಾಯ ಮಾಯುತ್ತಾ ಗಟ್ಟಿಯಾಗಿಬಿಡುತ್ತೆ," ಎಂದಿದ್ದಳು. ಮೀನಖಂಡ ಊದಿ ಬಿಗಿದರೆ, ಗಾಯದಿಂದ ನೀರು ಸೋರಿದರೆ, ಜ್ವರ ಬಂದರೆ ಒಂದು ದಿನವೂ ಕಾಯದೆ ಡಾಕ್ಟರಿಗೆ ತೋರಿಸಿ ಎಂದೂ ಹೇಳಿದ್ದಳು.

ಮಗನ ಬಾಡಿಗೆ ಮನೆ ಮಹಡಿಯ ಮೇಲಿದ್ದುದರಿಂದ ಹೊನ್ನವಳ್ಳಿಗೇ ಬಂದರು. ಪಡಸಾಲೆಯಲ್ಲಿ ಎತ್ತರದ ಮಂಚ ಹಾಕಿದರು. ನಡುವೆ ತೂತು ಕೊರೆದ ಕುರ್ಚಿಯೊಂದನ್ನು ಬಡಗಿಯಿಂದ ಮಾಡಿಸಿ ಬಚ್ಚಲಿನಲ್ಲಿ ಇಟ್ಟರು. ಐಸಿಗೆ ಮಾತ್ರ ತಿಪಟೂರೇ ಗತಿ. ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ಗಡ್ಡೆ ಕೊಂಡು, ತೆಂಗಿನ ನಾರಿನ ಪುಡಿ ತುಂಬಿದ ಗೋಣಿಚೀಲದಲ್ಲಿ ಹುದುಗಿಸಿ, ಪರಮಶಿವ ಬೆಳಗಿನ ಬಸ್ಸಿಗೆ ಹಾಕುತ್ತಿದ್ದ. ಕಂಡಕ್ಟರ್ ಬೆಟ್ಟಸ್ವಾಮಿ ಅದನ್ನು ಮನೆಯ ಮುಂದೆಯೇ ಇಳಿಸಿ ಹೋಗುತ್ತಿದ್ದ.

ಮೊದಲ ದಿನಗಳಲ್ಲಿ ಗಿರಿಜಾ ಕಲಿತದ್ದನ್ನು ತಪ್ಪದೆ ಮಾಡಿಸಿದಳು. ಮಂಡಿ ಕುಂಬಳಕಾಯಿಯ ಹಾಗೆ ಊದಿತ್ತು. ನಡುವೆ ಮೇಲಿಂದ ಕೆಳಕ್ಕೆ ಇಳಿದ ಹೊಲಿಗೆಯ ಗೆರೆ ಕೆಂಪಗಿತ್ತು. ಐಸು ಇಟ್ಟು ತೆಗೆದ ಮೇಲೆ ದ್ರಾಕ್ಷಾಯಣಮ್ಮನನ್ನು ಮಂಚದ ಅಂಚಿಗೆ ಕೂರಿಸಿ ಪಾದ ಹಿಂದಕ್ಕೆ ಜಾರಿಸಲು ಹೇಳುತ್ತಿದ್ದಳು. ಹೆಬ್ಬೆರಳು ಎಲ್ಲಿಯವರೆಗೆ ಬಂತೋ ಅಲ್ಲಿ ನೆಲಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ನಾಳೆಯ ಗೆರೆ ಇವತ್ತಿನದಕ್ಕಿಂತ ಮಂಚಕ್ಕೆ ಹತ್ತಿರವಿರಬೇಕು.

"ಒಸಿ ತಡ್ಕಳಿ ಅಕ್ಕಾ. ಇನ್ನೊಂದು ಬೆರಳು ಹಿಂದಕ್ಕೆ."

"ಸಾಯ್ತೀನಿ ಕಣೇ! ಬುಡು ಅಂದ್ರೆ ಬುಡೇ!"

ಕೂಗು ಬೀದಿಗೆ ಕೇಳುತ್ತಿತ್ತು. ಕೇಳಿದವರು ನಿಲ್ಲುತ್ತಿದ್ದರು. ಒಂದು ದಿನ ಗಿರಿಜಾ ಬಾವಿಕಟ್ಟೆಯಲ್ಲಿ ನೀರು ಸೇದುವಾಗ, ಗಂಡನ ಕಡೆಯ ಅತ್ತಿಗೆ ಸಿದ್ದಗಂಗಮ್ಮ ಪಕ್ಕದವಳಿಗೆ ಹೇಳುವ ಹಾಗೆ ಹೇಳಿದಳು: "ಸವತಿ ಕೈಗೆ ಕಾಲು ಕೊಟ್ಟು ಕುಂತವ್ಳೆ, ಪಾಪ. ಹಳೇದೆಲ್ಲ ಈಗ ತೀರಿಸ್ಕಂತಾವ್ಳೆ ಇವ್ಳು."

ಗಿರಿಜಾ ಕೊಡ ಎತ್ತಿಕೊಂಡು ಬಂದಳು. ಆದರೆ ಅಂದು ಮಧ್ಯಾಹ್ನ ಪಾದ ಹಿಡಿದಾಗ ಅವಳ ಕೈಗೆ ಮೊದಲಿನ ಬಲ ಇರಲಿಲ್ಲ. ತನಗೇ ಅನುಮಾನ ಹತ್ತಿತ್ತು. ಈ ಕೂಗು ಕೇಳಿ ಮನಸ್ಸಿನ ಯಾವುದೋ ಮೂಲೆಯಲ್ಲಿ ತನಗೆ ಸಮಾಧಾನವಾಗುತ್ತಿದೆಯೇ? ಇಲ್ಲ ಎಂದು ಖಡಾಖಂಡಿತವಾಗಿ ಹೇಳಿಕೊಳ್ಳಲು ಆಗಲಿಲ್ಲ.

ಮರುದಿನ ಊಟವಾದ ಮೇಲೆ ದ್ರಾಕ್ಷಾಯಣಮ್ಮ ಬೈಯಲಿಲ್ಲ. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಎರಡೂ ಕೈ ಜೋಡಿಸಿದಳು.

"ಮಂಡಿ ಕೆಳಗೆ ಏನಾರ ಇಕ್ಕೇ. ಜೋತಾಡ್ತಾ ಐತೆ, ಒಳಗೆ ಕಿತ್ತು ಬರ್ತೈತೆ. ಒಂದೀಟು ನಿದ್ದೆ ಮಾಡ್ತೀನಿ. ನಿನ್ ಕಾಲಿಗೆ ಬೀಳ್ತೀನಿ ಕಣವ್ವ."

ಆ ಹೆಂಗಸು ತನಗೆ ಕೈ ಮುಗಿದದ್ದನ್ನು ಗಿರಿಜಾ ಎಂದೂ ಕಂಡಿರಲಿಲ್ಲ. ಹಿಮ್ಮಡಿಯ ಕೆಳಗಿನ ದಿಂಬನ್ನು ಎಳೆದು, ಒಂದು ಕೌದಿಯನ್ನೂ ಸುತ್ತಿ ಸೇರಿಸಿ ಮಂಡಿಯ ಕೆಳಗೆ ಇಟ್ಟಳು. ಕಾಲು ಸ್ವಲ್ಪ ಮಡಚಿ ಅದರ ಮೇಲೆ ಒರಗಿತು. ದ್ರಾಕ್ಷಾಯಣಮ್ಮನ ಹಣೆಯ ಸುಕ್ಕು ಸಡಿಲವಾಯಿತು.

"ನಿನ್ ಹೊಟ್ಟೆ ತಣ್ಣಗಿರ್ಲಿ ಗಿರಿಜಾ," ಎಂದು ಕಣ್ಣು ಮುಚ್ಚಿದಳು.

ಗಿರಿಜಾ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಹೆಸರು ಕಿವಿಯಲ್ಲೇ ಉಳಿದಿತ್ತು. ಆಸ್ಪತ್ರೆಯವಳು ಹೇಳಿದ್ದೂ ನೆನಪಿತ್ತು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡಳು.

ಒಂದು ದಿನ ಎಂದದ್ದು ಹಾಗೇ ಮುಂದುವರಿಯಿತು. ದಿಂಬು ಮಂಡಿಯ ಕೆಳಗೇ ಉಳಿಯಿತು. ಮಡಿಸುವುದು ಬೆಳಿಗ್ಗೆಯ ಒಂದು ಹೊತ್ತಿಗೆ ಇಳಿಯಿತು. ದ್ರಾಕ್ಷಾಯಣಮ್ಮ ಮುಖ ಕಿವಿಚಿದೊಡನೆ ಗಿರಿಜಾ ಕೈ ಬಿಡುತ್ತಿದ್ದಳು. ಸಿದ್ದಗಂಗಮ್ಮ ಬಿಸಿ ಹರಳೆಣ್ಣೆ, ಕಾಯಿಸಿದ ಎಕ್ಕದೆಲೆ ತಂದಾಗಲೂ ತಡೆಯಲಿಲ್ಲ. ಅವಳು ಮಂಡಿಯಿಂದ ಮೀನಖಂಡದವರೆಗೆ ಎಣ್ಣೆ ತಿಕ್ಕಿ, ಎಲೆಯ ಕಾವು ಕೊಟ್ಟು, "ಐಸಂತೆ, ಶೀತ ಹಿಡಿದ್ರೆ ಏನ್ ಗತಿ?" ಎಂದು ಹೋದಳು. ಬೆಟ್ಟಸ್ವಾಮಿ ಇಳಿಸಿದ ಐಸು ಗೋಣಿಚೀಲದಲ್ಲೇ ಕರಗಿ ಅಂಗಳ ಒದ್ದೆಯಾಗುತ್ತಿತ್ತು.

ಇತ್ತ ನೋಡಲು ಬಂದವರ ಮುಂದೆ ದ್ರಾಕ್ಷಾಯಣಮ್ಮನಿಗೆ ಹುರುಪು ಬರುತ್ತಿತ್ತು. ವಾಕರ್ ಹಿಡಿದು ಪಡಸಾಲೆಯಿಂದ ಗೇಟಿನವರೆಗೆ, ಅಲ್ಲಿಂದ ತೋಟದ ಬೇಲಿಯವರೆಗೆ ಹೋಗಿ ಬರುತ್ತಿದ್ದಳು. ಬಾಗಿದ್ದ ಕಾಲು ನೆಟ್ಟಗಾಗಿರುವುದನ್ನು ಸೀರೆ ಸರಿಸಿ ತೋರಿಸುತ್ತಿದ್ದಳು. ಆಮೇಲೆ ಕಾಲು ಇಳಿಬಿಟ್ಟುಕೊಂಡೇ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಸಂಜೆಗೆ ಮಂಡಿಯ ಚರ್ಮ ಬಿಗಿದು ಹೊಳೆಯುತ್ತಿತ್ತು. ಅಷ್ಟು ಊದಿದ ಮಂಡಿ ಮಡಿಸೆಂದರೆ ಮಡಿಯುವುದೆಲ್ಲಿ? ಬೆಳಿಗ್ಗೆ ಹೆಬ್ಬೆರಳು ಹಳೆಯ ಗೆರೆಯನ್ನು ಮುಟ್ಟುತ್ತಿರಲಿಲ್ಲ. ಗಿರಿಜಾ ನೆಲ ಸಾರಿಸುವಾಗ ಗೆರೆಗಳನ್ನು ಒರೆಸಿಬಿಟ್ಟಳು.

ವಾರಕ್ಕೊಮ್ಮೆ ಬರುವ ಪರಮಶಿವ ಕೇಳಿದ: "ಹೆಂಗೈತವ್ವ, ಬಗ್ತಾ ಐತಾ?"

"ಆಯ್ತಾ ಐತೆ ಕಣಪ್ಪ," ಎಂದಳು ಗಿರಿಜಾ.

ಮಂಚದ ಮೇಲಿನಿಂದ ದೊಡ್ಡವ್ವ ನಗುತ್ತ ಹೇಳಿದಳು: "ನಿಮ್ಮವ್ವ ಚೆಂದಾಗಿ ನೋಡ್ಕಂತಾವ್ಳೆ ಕಣಪ್ಪ." ಆ ಮಾತಿಗೆ ಗಿರಿಜಾಳ ಮುಖ ಕೆಂಪಾಯಿತು. ಸಂತೋಷವೂ ಆಯಿತು. ಮಗ ಮತ್ತೇನಾದರೂ ಕೇಳುವ ಮೊದಲೇ ಎದ್ದು ಒಳಗೆ ಹೋದಳು.

ಅದಾದ ಎರಡನೆಯ ಬೆಳಿಗ್ಗೆ ಮುಖ ತೊಳೆಸಲು ಹೋದಾಗ ಕಾಲು ಬೇರೆಯೇ ತರಹ ಕಂಡಿತು. ಮಂಡಿಯಷ್ಟೇ ಅಲ್ಲ, ಮೀನಖಂಡವೂ ಊದಿ ಬಿಗಿದು ಬೆಚ್ಚಗಿತ್ತು. ಮುಟ್ಟಿದರೆ ದ್ರಾಕ್ಷಾಯಣಮ್ಮ ಹಲ್ಲು ಕಚ್ಚಿದಳು. ಆಸ್ಪತ್ರೆಯವಳ ಎಚ್ಚರಿಕೆ ಗಿರಿಜಾಳಿಗೆ ನೆನಪಾಯಿತು. ಬೆಟ್ಟಸ್ವಾಮಿಯ ಬಸ್ಸಿನಲ್ಲೇ ಮಗನಿಗೆ ಹೇಳಿ ಕಳಿಸಿದಳು. ಮಧ್ಯಾಹ್ನದೊಳಗೆ ಪರಮಶಿವ ತಿಪಟೂರಿನ ಡಾಕ್ಟರನ್ನೇ ಕಾರಿನಲ್ಲಿ ಕರೆತಂದ. ಅವರು ಎಣ್ಣೆಯ ಜಿಡ್ಡು ನೋಡಿದರು.

"ಯಾರ್ರೀ ತಿಕ್ಕಿದ್ದು? ಇನ್ನು ಕೈ ಮುಟ್ಟಿಸಬೇಡಿ. ರಕ್ತ ಹೆಪ್ಪುಗಟ್ಟಿದ್ರೆ, ತಿಕ್ಕಿದಾಗ ಅದು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ಕಾಲು ಅಲುಗಿಸದೆ ಈಗಲೇ ಬೆಂಗಳೂರಿಗೆ ಕರ್ಕೊಂಡ್ ಹೋಗಿ."

ಆಗಲೇ ಮೂವರೂ ಬೆಂಗಳೂರಿಗೆ ಹೊರಟರು. ಆಸ್ಪತ್ರೆಯಲ್ಲಿ ಪಾದದ ರಕ್ತನಾಳಕ್ಕೆ ಔಷಧಿ ಬಿಟ್ಟು ಎಕ್ಸ್-ರೇ ತೆಗೆದರು. ಹೆಪ್ಪು ಕಾಣಲಿಲ್ಲ. ಅತಿಯಾದ ನಡಿಗೆ, ಇಳಿಬಿಟ್ಟ ಕಾಲು, ಶಾಖ, ತಿಕ್ಕಾಟ ಇವುಗಳಿಂದ ಬಂದ ಊತ ಎಂದರು. ಪರಮಶಿವ ನೆಮ್ಮದಿಯ ಉಸಿರು ಬಿಟ್ಟ. ಆದರೆ ಆಪರೇಷನ್ ಮಾಡಿದ್ದ ಡಾಕ್ಟರು ಮಂಡಿಯ ಪಕ್ಕಕ್ಕೆ ಅಳತೆಯ ಪಟ್ಟಿ ಹಿಡಿದು ನೋಡಿದಾಗ ಅವರ ಮುಖ ಗಂಟಾಯಿತು. ಕಾಲನ್ನು ಪೂರ್ತಿ ಚಾಚಲು ಆಗುತ್ತಿರಲಿಲ್ಲ. ಮಡಿಸಿದರೆ ಐವತ್ತು ಡಿಗ್ರಿಗೇ ನಿಂತುಬಿಡುತ್ತಿತ್ತು.

"ಇಲ್ಲಿಂದ ಹೋಗುವಾಗ ಎಪ್ಪತ್ತು ದಾಟಿತ್ತು. ಮಂಡಿ ಕೆಳಗೆ ದಿಂಬು ಇಡ್ತಿದ್ರಾ?"

ಗಿರಿಜಾ ಬಾಯಿ ತೆರೆಯುವ ಮೊದಲೇ ದ್ರಾಕ್ಷಾಯಣಮ್ಮ ಹೇಳಿದಳು. "ಇವ್ಳು ಇಕ್ತಿದ್ಲು."

ಅದು ಸುಳ್ಳಲ್ಲ. ತಾನು ಕೈ ಮುಗಿದು ಕೇಳಿದ್ದನ್ನು ಮಾತ್ರ ಅವಳು ಹೇಳಲಿಲ್ಲ. ಗಿರಿಜಾ ಕಾದಳು. ಆ ಮಾತು ಬರಲೇ ಇಲ್ಲ.

"ಆರು ವಾರಕ್ಕೆ ತೊಂಬತ್ತರ ಹತ್ತಿರ ಬರಬೇಕು. ಬರದಿದ್ರೆ ಮತ್ತೆ ಅರಿವಳಿಕೆ ಕೊಟ್ಟು, ಬಲವಂತವಾಗಿ ಬಗ್ಗಿಸಬೇಕಾಗುತ್ತೆ. ಇವರ ಮೂಳೆ ಮೆತ್ತಗಿದೆ. ಬಗ್ಗಿಸುವಾಗ ಮುರಿಯಲೂಬಹುದು. ಇನ್ನು ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು ಟೈಮಿದೆ, ಅಷ್ಟೇ," ಎಂದರು ಡಾಕ್ಟರು.

ಹೊರಗಿನ ಓಣಿಯಲ್ಲಿ ಪರಮಶಿವ ತಾಯಿಯ ಮುಖ ನೋಡದೆ ಕೇಳಿದ: "ನಾನು ಕೇಳ್ದಾಗ ಆಯ್ತಾ ಐತೆ ಅಂದ್ಯಲ್ಲವ್ವ? ಬ್ಯಾಡ ಅಂತ ಅವ್ರು ಅಷ್ಟು ಹೇಳಿದ್ರು. ಬೇಕು ಅಂತ್ಲೇ ಮಾಡ್ದ್ಯಾ?"

"ಹಂಗನ್ನಬ್ಯಾಡ ಕಣೋ," ಎಂದಳು ಗಿರಿಜಾ. ಅಕ್ಕ ಅಳುತ್ತಿದ್ದಳು, ನನಗೇ ತಡೆಯಲಾಗಲಿಲ್ಲ, ಒಂದು ಒಳ್ಳೆಯ ಮಾತಿಗೆ ಬಿದ್ದೆ: ಇದನ್ನು ಮಗನಿಗೆ ಯಾವ ಬಾಯಿಂದ ಹೇಳುವುದು?

ಊರಿಗೆ ಬಂದ ಬೆಳಿಗ್ಗೆ ಗಿರಿಜಾ ಬೀದಿಬಾಗಿಲಿಗೆ ಅಗುಳಿ ಹಾಕಿದಳು. ಸಿದ್ದಗಂಗಮ್ಮ ಎಣ್ಣೆಯ ಗಿಂಡಿ ಹಿಡಿದು ಬಂದಾಗ ಕಿಟಕಿಯಿಂದಲೇ, "ಬ್ಯಾಡಿ ಅತ್ತಿಗೆ, ಹೋಗಿ," ಎಂದಳು. ಕೌದಿ ಮಡಚಿ ಪೆಟ್ಟಿಗೆಗೆ ಹಾಕಿದಳು. ಹಿಮ್ಮಡಿಯನ್ನು ಎತ್ತರದ ದಿಂಬಿನ ಮೇಲಿಟ್ಟು ಮಂಡಿಯ ಕೆಳಗೆ ಬರಿಯ ಗಾಳಿ ಉಳಿಸಿದಳು. ಮಂಡಿ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಕ್ಕೆ ಇಳಿಯಬೇಕು. ನೋವು ಅಂದರೆ ಅದು. ದ್ರಾಕ್ಷಾಯಣಮ್ಮ ಗೋಡೆಯ ಕಡೆ ಮುಖ ತಿರುಗಿಸಿ ನರಳಿದಳು.

ಮೊದಲು ಊತ ಇಳಿಯಬೇಕಿತ್ತು. ಆ ಕೆಲವು ದಿನ ನಡಿಗೆಯನ್ನು ಬಚ್ಚಲಿಗೂ ಪಡಸಾಲೆಗೂ ಮಾತ್ರ ಇಳಿಸಿದಳು. ಪ್ರತಿ ಸಲ ನಡೆದ ಮೇಲೆ ಐಸು, ಕಾಲು ಮೇಲೆ. ಬೆಳಿಗ್ಗೆ ಎದ್ದೊಡನೆ ಮಂಡಿಯ ಸುತ್ತ ದಾರ ಹಿಡಿದು ಅಳೆದು ಗಂಟು ಹಾಕುತ್ತಿದ್ದಳು. ಗಂಟು ಒಳಕ್ಕೆ ಒಳಕ್ಕೆ ಬರತೊಡಗಿತು. ಮಂಡಿಚಿಪ್ಪಿನ ಆಕಾರ ಮತ್ತೆ ಕಾಣಿಸಿತು. ಆಮೇಲೆ ಮಡಿಸುವುದನ್ನು ದಿನಕ್ಕೆ ನಾಲ್ಕು ಸಲ ಮಾಡಿದಳು. ಮಾತ್ರೆ ಕೊಟ್ಟು, ಅದು ಹಿಡಿಯುವವರೆಗೆ ಕಾದು, ಮಂಚದ ಅಂಚಿಗೆ ಕೂರಿಸುತ್ತಿದ್ದಳು. ಎಡಪಾದವನ್ನು ಬಲಗಾಲಿನ ಮುಂದೆ ಅಡ್ಡ ಇಟ್ಟು ತಾನೇ ಹಿಂದಕ್ಕೆ ತಳ್ಳಲು ಹೇಳುತ್ತಿದ್ದಳು. ನಿಂತ ಕಡೆ ತಾನು ಕೈ ಒತ್ತಿ ಹಿಡಿದು, ಉಸಿರು ಎಣಿಸಿ, ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ.

ಕೂಗು ಮತ್ತೆ ಬೀದಿಗೆ ಕೇಳಿತು. ಈ ಸಲ ಬೈಗುಳ ಬೇರೆಯ ತರಹದ್ದಿತ್ತು.

"ಅವ್ರು ಸತ್ತಾಗ ನೀನ್ಯಾಕೆ ಸಾಯ್ಲಿಲ್ಲ? ನನ್ ಎದೆ ಮೇಲೆ ಕುಂತ್ಕಳಕ್ಕೆ ಉಳ್ಕಂಡ್ಯಾ?"

ಒಂದು ದಿನ ಕೆನ್ನೆಗೆ ಹೊಡೆದೂ ಬಿಟ್ಟಳು. ಕೈಬಳೆ ತಾಗಿ ಗಿರಿಜಾಳ ಹುಬ್ಬಿನ ಹತ್ತಿರ ರಕ್ತ ಬಂತು. ಗಿರಿಜಾ ಪಾದದ ಮೇಲಿನ ಕೈ ತೆಗೆಯಲಿಲ್ಲ. ಹಾಗೆಂದು ಒತ್ತಲೂ ಇಲ್ಲ. ಸಿಟ್ಟು ಇಳಿಯುವವರೆಗೆ ಸುಮ್ಮನೆ ಹಿಡಿದುಕೊಂಡಿದ್ದಳು. ಸಿಟ್ಟಿನಲ್ಲಿ ಒತ್ತಿದರೆ ಸಿದ್ದಗಂಗಮ್ಮ ಹೇಳಿದ್ದು ನಿಜವಾಗಿಬಿಡುತ್ತದೆ ಎಂದು ಅವಳಿಗೆ ಹೆದರಿಕೆ. ಆಮೇಲೆ ಸೆರಗಿನಿಂದ ಹುಬ್ಬು ಒರೆಸಿಕೊಂಡು, "ಇನ್ನೊಂದು ಸಲ ಅಕ್ಕಾ," ಎಂದಳು.

ಗೆರೆಗಳು ಮಂಚದ ಕಡೆಗೆ ಸರಿದವು. ಹಳೆಯ ಜಾಗ ದಾಟಿದವು. ವಾಕರ್ ಬಿಟ್ಟು ಎಡಗೈಯಲ್ಲಿ ಕೋಲು ಹಿಡಿದು ನಡೆಯುವುದನ್ನು ಕಲಿಸುವ ಹೊತ್ತಿಗೆ ಅಂಗಳದ ಆಚೆ ಕಾಯಿ ಸುಲಿಯುವ ಕೆಲಸ ನಡೆದಿತ್ತು. ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಮಟ್ಟೆ ಸೀಳುವ ಸದ್ದು ಕೇಳುತ್ತ ಇಬ್ಬರೂ ಪಡಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ಮೊದಲು ಹಿಮ್ಮಡಿ ಊರಬೇಕು, ಆಮೇಲೆ ಬೆರಳು. ಕಾಲು ಎಳೆಯಬಾರದು, ಮಂಡಿ ಬಗ್ಗಿಸಿ ಎತ್ತಿ ಇಡಬೇಕು. ಗಿರಿಜಾ ಹೇಳಿದ ಹಾಗೆ ದ್ರಾಕ್ಷಾಯಣಮ್ಮ ಹೆಜ್ಜೆ ಇಡುತ್ತಿದ್ದಳು.

ಒಂದು ಬೆಳಿಗ್ಗೆ ಐಸಿನ ಬಟ್ಟೆ ತೆಗೆಯುವಾಗ ಗಿರಿಜಾ ತಡೆಯಲಾರದೆ ಕೇಳಿದಳು: "ನೀವೇ ಕೇಳಿದ್ರಿ ಅಂತ ಡಾಕ್ಟ್ರ ಮುಂದೆ ಒಂದ್ ಮಾತು ಹೇಳ್ಬೋದಿತ್ತಲ್ಲ ಅಕ್ಕಾ. ನನ್ ಮಗ ನನ್ ಮುಖ ನೋಡಕಿಲ್ಲ ಈಗ."

ದ್ರಾಕ್ಷಾಯಣಮ್ಮ ಸೀರೆಯನ್ನು ಮಂಡಿಯ ಮೇಲೆ ಎಳೆದುಕೊಂಡಳು.

"ಹೇಳ್ಬೋದಿತ್ತು," ಎಂದಳು. "ನಾನ್ ಕೇಳ್ಕಂಡೆ, ನಿನ್ ಮುಂದೆ ಕೈ ಮುಗಿದೆ ಅಂತ ಪರಮಶಿವನ ಮುಂದೆ ಹೇಳಕ್ಕೆ ನಾಲಿಗೆ ಬರ್ಲಿಲ್ಲ." ಮತ್ತೆ ಹೇಳಿದಳು: "ಅವತ್ತು ನಿನ್ ಹೆಸ್ರು ಕರೆದ್ನಲ್ಲ, ಅದು ಪ್ರೀತಿ ಅಂತ ತಿಳ್ಕಬ್ಯಾಡ ಕಣೇ. ನೋವಿತ್ತು. ನೋವು ನಿಲ್ಲಿಸಿದ್ರೆ ಯಾರನ್ನಾದ್ರೂ ಕರೀತಿದ್ದೆ."

ಗಿರಿಜಾ ಒದ್ದೆ ಬಟ್ಟೆಯನ್ನು ಹಿಂಡಿದಳು. ನೀರು ಬೋಗುಣಿಗೆ ಬಿತ್ತು. "ಗೊತ್ತು ಬುಡಿ," ಎಂದಳು. ಅವಳಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಆರನೆಯ ವಾರ ಮುಗಿಯುವ ದಿನ ಬೆಂಗಳೂರಿಗೆ ಹೋದರು. ಡಾಕ್ಟರು ಪಟ್ಟಿ ಹಿಡಿದು ನೋಡಿದರು. ಎಂಬತ್ತೆಂಟು. ಕಾಲು ಚಾಚುವಾಗ ಇನ್ನೂ ಸ್ವಲ್ಪ ಕೊರತೆ ಉಳಿದಿತ್ತು, ಮಂಡಿಯ ಕೆಳಗೆ ಅಂಗೈ ತೂರುವಷ್ಟು. ಅದು ಬಹುಶಃ ಹಾಗೆಯೇ ಉಳಿಯಬಹುದು, ನಡಿಗೆಯಲ್ಲಿ ತುಸು ಕುಂಟು ಕಾಣಬಹುದು ಎಂದರು. ಅರಿವಳಿಕೆ ಬೇಡ. ನೆಲದ ಮೇಲೆ ಕೂರುವುದು ಮಾತ್ರ ಇನ್ನು ಎಂದಿಗೂ ಇಲ್ಲ. ಪೂಜೆಯನ್ನೂ ಕುರ್ಚಿಯ ಮೇಲೆ ಮಾಡಿಕೊಳ್ಳಬೇಕು.

"ಚೆನ್ನಾಗಿ ಶ್ರಮ ಪಟ್ಟಿದ್ದೀರಿ. ಮಡಿಸೋದನ್ನ ಈಗಲೇ ನಿಲ್ಲಿಸಬೇಡಿ. ಕೆಲವು ತಿಂಗಳು ಬಿಟ್ಟು ಎಡಗಾಲಿಗೂ ಮಾಡಿಬಿಡೋಣ," ಎಂದರು ಡಾಕ್ಟರು.

"ಬ್ಯಾಡ. ಇದೊಂದೇ ಸಾಕು," ಎಂದಳು ದ್ರಾಕ್ಷಾಯಣಮ್ಮ.

"ಯಾಕೆ ದೊಡ್ಡವ್ವ? ಅದೂ ಸೊಟ್ಟಗೈತಲ್ಲ," ಎಂದ ಪರಮಶಿವ.

"ಮತ್ತೆ ಆರು ವಾರ ಇನ್ನೊಬ್ರ ಕೈಯಾಗೆ ಇರಕ್ಕೆ ನನ್ನ ಕೈಲಿ ಆಗಕಿಲ್ಲ."

ಗಿರಿಜಾಳಿಗೆ ಮೊದಲು ಹಗುರವೆನಿಸಿತು. ಹಗುರವೆನಿಸಿದ್ದಕ್ಕೆ ನಾಚಿಕೆಯಾಯಿತು. ಪರಮಶಿವ ಅವತ್ತು ತಾಯಿಗೆ ಬಿಸ್ಕೆತ್ತು, ಕಾಫಿ ತಂದುಕೊಟ್ಟ. ಮುಖವನ್ನೂ ನೋಡಿದ. ಆದರೆ ಓಣಿಯಲ್ಲಿ ಕೇಳಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಮನೆಯಲ್ಲಿ ಹಳೆಯ ಕ್ರಮ ಮರಳಿತು. ದ್ರಾಕ್ಷಾಯಣಮ್ಮ ಕೋಲೂರಿಕೊಂಡು ತಾನೇ ಬಚ್ಚಲಿಗೆ ಹೋದಳು, ತಾನೇ ತಟ್ಟೆ ತಂದುಕೊಂಡಳು. ಕುರ್ಚಿಯ ಮೇಲೆ ಗೋಡೆಯ ಕಡೆ ತಿರುಗಿ ಕೂತು ಉಂಡಳು. ಊತ ಇಳಿದಿದ್ದರಿಂದ ಐಸು ತರಿಸುವುದು ನಿಂತಿತು. ಗಿರಿಜಾಳನ್ನು ಕರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಊರಿನವರು ಮಾತ್ರ ಈಗ ಗಿರಿಜಾಳನ್ನು ಕಂಡಾಗ, "ಗಟ್ಟಿಗಿತ್ತಿ ಕಣ್ರೀ ನೀವು," ಎನ್ನತೊಡಗಿದ್ದರು. ಆ ಹೊಗಳಿಕೆ ಅವಳಿಗೆ ಬೈಗುಳದ ಹಾಗೆಯೇ ಕೇಳಿಸುತ್ತಿತ್ತು.

ಒಂದು ದಿನ ಕೊಟ್ಟಿಗೆ ಕಸ ಮುಗಿಸಿ ಬಂದಾಗ ಪಡಸಾಲೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ಒಳಗೆ ಪಾದ ನೆಲದ ಮೇಲೆ ಜಾರುವ ಸದ್ದು. ನಿಂತಿತು. ಹಲ್ಲು ಕಚ್ಚಿ ಬಿಟ್ಟ ಉಸಿರು ಕೇಳಿಸಿತು. ಮತ್ತೆ ಜಾರಿದ ಸದ್ದು. ಯಾರೂ ಹೇಳದೆ, ಯಾರೂ ಹಿಡಿಯದೆ, ದ್ರಾಕ್ಷಾಯಣಮ್ಮ ತನ್ನ ಮಂಡಿಯನ್ನು ತಾನೇ ಮಡಿಸುತ್ತಿದ್ದಳು. ಸಣ್ಣಗೆ ನರಳುತ್ತಿದ್ದಳು.

ಗಿರಿಜಾಳ ಕೈ ಬಾಗಿಲ ಮೇಲೆ ಹೋಯಿತು. ಆಮೇಲೆ ಸದ್ದಾಗದ ಹಾಗೆ ಹಿಂದಕ್ಕೆ ಸರಿದು, ಅಡುಗೆಮನೆಗೆ ಹೋಗಿ ಒಲೆಗೆ ಕರಟ ಹಾಕಿ ಊದತೊಡಗಿದಳು.